ಹತ್ತು ಪೆಟ್ಟಿಗೆಗೆ ಒಂದೇ ತಕ್ಕಡಿ ಸಾಕು

ನಮ್ಮ ಕಾಲೇಜಿನ ವಿಜ್ಞಾನ ವಿಭಾಗದ ಗೆಳೆಯರು ಈ ವರ್ಷ ಜೇನುಪೆಟ್ಟಿಗೆಯ ತೂಕ, ಉಷ್ಣತೆ, ತೇವಾಂಶ ಮೂರನ್ನೂ ಅಳೆದು ರೇಡಿಯೋ ಮೂಲಕ ಮನೆಗೆ ಕಳಿಸುವ ಸಾಧನ ಮಾಡಬೇಕೆಂದಿದ್ದಾರೆ. ಸೂಡಿಯಲ್ಲಿ ನಮ್ಮ ಮಾಮು ಸೂರ್ಯಕಾಂತಿ ಹೊಲದ ಬದುವಿನ ಮೇಲೆ ಇಟ್ಟಿರುವ ಹತ್ತು ಪೆಟ್ಟಿಗೆಗಳಿಗೂ ಮೂರೂ ಸೆನ್ಸರ್ ಕೂಡಿಸುವುದು ಅವರ ಯೋಜನೆ. ನಾನು ಕಾಮರ್ಸ್‌ನವಳು, ಬೆಸುಗೆ ಹಾಕಲು ಬರುವುದಿಲ್ಲ. ಆದರೂ ಹೇಳುತ್ತೇನೆ: ಹತ್ತರಲ್ಲಿ ಒಂದು ಪೆಟ್ಟಿಗೆಯ ಕೆಳಗೆ ಒಂದು ಒಳ್ಳೆಯ ತಕ್ಕಡಿ ಇಡಿ, ಉಳಿದದ್ದು ಆಮೇಲೆ ನೋಡೋಣ.

ಕಾರಣ ಸರಳ. ಒಂದೇ ಬದುವಿನ ಹತ್ತು ಪೆಟ್ಟಿಗೆಗಳ ಹುಳುಗಳು ಹೋಗುವುದು ಅದೇ ಸುತ್ತಿನ ಹೂಗಳಿಗೆ. ಮಕರಂದ ಬರುತ್ತಿದೆಯೋ ನಿಂತಿದೆಯೋ ಎಂಬುದನ್ನು ಒಂದು ಪೆಟ್ಟಿಗೆಯೇ ಹೇಳುತ್ತದೆ. ಅಮೆರಿಕದ ನಾಸಾದಲ್ಲಿ ಸಾಗರ ವಿಜ್ಞಾನಿಯಾಗಿದ್ದ ವೇನ್ ಇಸಾಯಸ್ ಮೇರಿಲ್ಯಾಂಡ್‌ನಲ್ಲಿ ತಾವು ಸಾಕಿದ್ದ ಜೇನುಗಳ ಪೆಟ್ಟಿಗೆ ತೂಗುತ್ತಾ ಹೋಗಿ, ಅಲ್ಲಿ ಹೂವಿನ ಕಾಲ ಹಿಂದಿಗಿಂತ ಬೇಗ ಬರುತ್ತಿದೆ ಎಂದು ಗುರುತಿಸಿದರು. ಬೇರೆ ಊರುಗಳ ಜೇನು ಸಾಕುವವರನ್ನೂ ಸೇರಿಸಿ ಹನಿಬೀನೆಟ್ ಎಂಬ ಜಾಲ ಕಟ್ಟಿದರು. ಅದರ ಆಧಾರವೂ ತೂಕದ ಪಟ್ಟಿಯೇ.

ಲೋಡ್ ಸೆಲ್ ಎಂದರೆ ಹೆದರಬೇಕಾಗಿಲ್ಲ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಹೊಟ್ಟೆಯಲ್ಲಿರುವುದೂ ಅದೇ. ಲೋಹದ ದಿಮ್ಮಿಗೆ ತೆಳುವಾದ ತಂತಿಪಟ್ಟಿ ಅಂಟಿಸಿರುತ್ತಾರೆ. ಭಾರ ಬಿದ್ದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಪಟ್ಟಿ ಎಳೆದಂತಾಗಿ ಅದರ ವಿದ್ಯುತ್ ತಡೆ ಬದಲಾಗುತ್ತದೆ. ಆ ಬದಲಾವಣೆ ಎಷ್ಟು ಸಣ್ಣದೆಂದರೆ, ನೂರು ಕಿಲೋ ಹೊರುವ ಸಾಮಾನ್ಯ ಸೆಲ್‌ಗೆ 5 ವೋಲ್ಟ್ ಕೊಟ್ಟರೆ ಪೂರ್ತಿ ಭಾರಕ್ಕೆ ಸಿಗುವುದು ಸುಮಾರು 10 ಮಿಲಿವೋಲ್ಟ್. ಅದನ್ನು ಹಿಗ್ಗಿಸಿ ಅಂಕಿಯಾಗಿಸಲು ಎಚ್‌ಎಕ್ಸ್ 711 ಎಂಬ ಅಗ್ಗದ ಚಿಪ್ ಇದೆ. ತೂಕ ಸರಿಯಿದೆಯೇ ನೋಡಲು ಅಂಗಡಿಯಲ್ಲಿ ತೂಗಿ ತಂದ ನೀರಿನ ಕ್ಯಾನ್ ಸಾಕು.

ಇಷ್ಟು ಸಣ್ಣ ಸಂಕೇತವಾದ್ದರಿಂದಲೇ ಬಿಸಿಲು ಅದಕ್ಕೆ ಮೋಸ ಮಾಡುತ್ತದೆ. ಮಧ್ಯಾಹ್ನ ಕಾದ ಸೆಲ್ ಮತ್ತು ಬೆಳಗಿನ ಜಾವದ ತಣ್ಣನೆಯ ಸೆಲ್ ಒಂದೇ ಭಾರಕ್ಕೆ ಬೇರೆ ಬೇರೆ ಅಂಕಿ ಕೊಡಬಹುದು. ಅದಕ್ಕೇ ಸೆಲ್ ನೆರಳಿನಲ್ಲಿರಬೇಕು, ಒಂದು ದಿನವನ್ನು ಇನ್ನೊಂದು ದಿನಕ್ಕೆ ಹೋಲಿಸುವಾಗ ಬೆಳಿಗ್ಗೆ ಐದರ ಅಂಕಿಯನ್ನೇ ಹಿಡಿಯಬೇಕು. ಆ ಹೊತ್ತಿಗೆ ಹುಳುಗಳೆಲ್ಲ ಒಳಗೇ ಇರುತ್ತವೆ. ನಮ್ಮ ಭಾಷೆಯಲ್ಲಿ ಅದು ಆರಂಭದ ಶಿಲ್ಕು.

ಲೆಕ್ಕಕ್ಕೆಂದು ಒಂದು ದಿನ ಹಿಡಿಯೋಣ. ಬೆಳಿಗ್ಗೆ ಐದಕ್ಕೆ ಪೆಟ್ಟಿಗೆ 32 ಕಿಲೋ. ಒಂಬತ್ತಕ್ಕೆ 31.6. ಯಾರೂ ಜೇನು ಕದ್ದಿಲ್ಲ, ಹುಳುಗಳು ಕೆಲಸಕ್ಕೆ ಹೋಗಿವೆ. ಒಂದು ಕೆಲಸಗಾರ ಹುಳು ಸುಮಾರು 0.1 ಗ್ರಾಂ ತೂಗುತ್ತದೆ, ಅಂದರೆ ಹೊರಗಿರುವುದು ನಾಲ್ಕು ಸಾವಿರ ಹುಳು. ಸಂಜೆ ಏಳಕ್ಕೆ ಎಲ್ಲ ಮರಳಿ 33.4 ಆಯಿತು. ಮಾಮು ಇದನ್ನು ನೋಡಿ ದಿನಕ್ಕೆ 1.4 ಕಿಲೋ ಶಹದ್ ಬಂತು ಎಂದರೆ ತಪ್ಪಾಗುತ್ತದೆ. ಹಸಿ ಮಕರಂದದಲ್ಲಿ ಹೆಚ್ಚಿನ ಪಾಲು ನೀರು, ರಾತ್ರಿಯಿಡೀ ಹುಳುಗಳು ರೆಕ್ಕೆ ಬೀಸಿ ಅದನ್ನು ಆರಿಸುತ್ತವೆ. ಮರುದಿನ ಬೆಳಿಗ್ಗೆ ಐದಕ್ಕೆ 32.9 ಇದ್ದರೆ ನಿಜವಾದ ಉಳಿಕೆ 900 ಗ್ರಾಂ. ಅದೂ ಪೂರ್ತಿ ಹಣ್ಣಾದ ಜೇನಲ್ಲ.

ಈಗ ನಾನು ಇದನ್ನೆಲ್ಲ ಬರೆಯಲು ಕಾರಣವಾದ ಸಂಗತಿಗೆ ಬರುತ್ತೇನೆ. ಸೂರ್ಯಕಾಂತಿ ಹೂ ಬಿಟ್ಟ ಸಮಯದಲ್ಲಿ ಅಕ್ಕಪಕ್ಕದ ಹೊಲದಲ್ಲಿ ಯಾರಾದರೂ ಬೆಳಗಿನ ಹೊತ್ತು ಎಣ್ಣಿ ಹೊಡೆದರೆ ಹುಳು ಸಾಯುತ್ತವೆ. ಹೆಚ್ಚಿನವು ಹೊಲದಲ್ಲೇ ಬೀಳುವುದರಿಂದ ಪೆಟ್ಟಿಗೆಯ ಮುಂದೆ ಹೆಣದ ರಾಶಿ ಕಾಣದೆ ಹೋಗಬಹುದು. ಪೆಟ್ಟಿಗೆಯವನು ಜಗಳಕ್ಕೆ ಹೋದರೆ, ನಿನ್ನ ಹುಳು ಮೊದಲೇ ರೋಗದ್ದು ಎಂದು ಉತ್ತರ ಬರುತ್ತದೆ. ಊರಿನಲ್ಲಿ ಇಂಥ ಮಾತು ಕೇಳಿದ್ದೇನೆ, ಇಬ್ಬರ ಬಳಿಯೂ ದಾಖಲೆ ಇರುವುದಿಲ್ಲ.

ತಕ್ಕಡಿಯ ಪಟ್ಟಿಯಲ್ಲಿ ಅದು ಹೀಗೆ ಕಾಣುತ್ತದೆ. ಬೆಳಿಗ್ಗೆ 32.9, ಒಂಬತ್ತಕ್ಕೆ 32.4. ಇಲ್ಲಿಯವರೆಗೆ ಮಾಮೂಲಿ. ಆದರೆ ಸಂಜೆ ಏಳಕ್ಕೂ 32.3. ಹೋದ ಅರ್ಧ ಕಿಲೋ ಮರಳಲಿಲ್ಲ. ಹೂವಿನ ಕಾಲ ಮುಗಿದಿದ್ದರೆ ಮಕರಂದ ಬರದೆ ಇರಬಹುದು, ಹುಳುಗಳಾದರೂ ಬರುತ್ತಿದ್ದವು. ಮಳೆಯ ದಿನವಾಗಿದ್ದರೆ ಬೆಳಗಿನ ಇಳಿತವೇ ಇರುತ್ತಿರಲಿಲ್ಲ. ಗುಂಪು ಒಡೆದು ಹಾರಿಹೋಗಿದ್ದರೆ ಕೆಲವೇ ನಿಮಿಷಗಳಲ್ಲಿ ಕಿಲೋಗಟ್ಟಲೆ ಇಳಿಯುತ್ತಿತ್ತು. ಖಾತ್ರಿಗೆ ಮರುದಿನದ ಬೆಳಗನ್ನು ನೋಡಬೇಕು. ಇಳಿತ 500 ಗ್ರಾಂ ಇದ್ದದ್ದು 100 ಗ್ರಾಂ ಆಗಿದ್ದರೆ, ಹೊರಗೆ ಹೋಗಲು ಹುಳುಗಳೇ ಉಳಿದಿಲ್ಲ ಎಂದರ್ಥ. ಮರಳಿ ಬಂದು ಪೆಟ್ಟಿಗೆಯೊಳಗೆ ಸತ್ತ ಹುಳುಗಳ ತೂಕ ಅಲ್ಲೇ ಉಳಿಯುವುದರಿಂದ, ನಿಜವಾದ ನಷ್ಟ ಇದಕ್ಕಿಂತ ಹೆಚ್ಚೇ ಇರಬಹುದು.

ಉಷ್ಣತೆಯ ಸೆನ್ಸರ್ ಬೇಡವೇ ಬೇಡ ಎನ್ನುವುದಿಲ್ಲ. ಮರಿಗಳಿರುವ ಜಾಗವನ್ನು ಹುಳುಗಳು 35 ಡಿಗ್ರಿಯ ಆಸುಪಾಸಿನಲ್ಲಿ ಕಾಯುತ್ತವೆ. ಅದು ಹೊರಗಿನ ಗಾಳಿಯ ಜೊತೆ ಏರಿಳಿಯತೊಡಗಿದರೆ ಮರಿ ಇಲ್ಲ, ಬಹುಶಃ ರಾಣಿಯೂ ಇಲ್ಲ. ಅದು ಎರಡನೆಯ ವರ್ಷದ ಖರ್ಚು. ತೇವಾಂಶದ ಸೆನ್ಸರ್ ಮಾತ್ರ ಕೊನೆಗೆ. ಹುಳುಗಳು ಅದರ ರಂಧ್ರಕ್ಕೆ ಅಂಟು ಮೆತ್ತುತ್ತವೆ, ಆಮೇಲೆ ಅದು ಹೇಳಿದ್ದನ್ನೇ ಹೇಳುತ್ತಿರುತ್ತದೆ.

ರೇಡಿಯೋ ವಿಷಯದಲ್ಲಿ ಗೆಳೆಯರ ಆಯ್ಕೆ ಸರಿಯಾಗಿದೆ. ಲೋರಾ ಎಂಬ ರೇಡಿಯೋಗೆ ಸಿಮ್ ಬೇಡ, ತಿಂಗಳ ರೀಚಾರ್ಜ್ ಬೇಡ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ವರೆಗೆ ಕಡಿಮೆ ಶಕ್ತಿಯಲ್ಲಿ ಬಳಸಲು ಲೈಸೆನ್ಸ್ ಕೂಡ ಬೇಡ. ಸಮತಟ್ಟಾದ ಎರಿ ಹೊಲದಲ್ಲಿ ಅದು ಕೆಲವು ಕಿಲೋಮೀಟರ್ ಹೋಗುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಎದ್ದು ಹತ್ತು ಬೈಟ್ ಕಳಿಸಿ ಮಲಗಿದರೆ ದಿನಕ್ಕೆ 96 ಸಂದೇಶ, ಒಟ್ಟು ಒಂದು ಸಾವಿರ ಬೈಟ್ ಕೂಡ ಇಲ್ಲ. ನಮ್ಮ ಗ್ರೂಪಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಫೋಟೋ ಇದಕ್ಕಿಂತ ಎಷ್ಟೋ ದೊಡ್ಡದು. ಅದಕ್ಕೇ ಸಣ್ಣ ಬ್ಯಾಟರಿ ತಿಂಗಳುಗಟ್ಟಲೆ ಬಾಳುತ್ತದೆ. ಆದರೆ ಆಂಟೆನಾವನ್ನು ಬೆಳೆಗಿಂತ ಎತ್ತರಕ್ಕೆ ಕೋಲಿಗೆ ಕಟ್ಟಬೇಕು. ನೀರು ತುಂಬಿದ ಎಲೆಗಳು ಸಂಕೇತವನ್ನು ನುಂಗುತ್ತವೆ. ಬಿತ್ತಿದಾಗ ಚೆನ್ನಾಗಿದ್ದದ್ದು ಹೂ ಬಿಡುವಾಗಲೇ, ಅಂದರೆ ಬೇಕಾದ ಹೊತ್ತಿಗೇ, ನಿಂತುಹೋಗಬಹುದು.

ಇನ್ನೊಂದು ಬೇಡಿಕೆ ಇದೆ. ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಇರಲಿ, ವೋಚರ್‌ಗೆ ಇರುವಂತೆ. ಮನೆಯಲ್ಲಿ ಕರೆಂಟ್ ಹೋಗಿ ಐದು ಸಂದೇಶ ತಪ್ಪಿದರೆ 212ರ ನಂತರ 218 ಬರುತ್ತದೆ, ನಡುವೆ ಏನೋ ಬಿಟ್ಟುಹೋಗಿದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಸಂಖ್ಯೆಯಿಲ್ಲದ ಪಟ್ಟಿಯನ್ನು ಪಂಚರ ಮುಂದೆ ಇಟ್ಟರೆ ಮೊದಲ ಪ್ರಶ್ನೆಯೇ, ಬೇಡವಾದದ್ದನ್ನು ಅಳಿಸಿದ್ದೀರಾ ಎಂಬುದು.

ಈ ಪಟ್ಟಿ ಯಾರ ಹೊಲದಲ್ಲಿ ಎಣ್ಣಿ ಹೊಡೆದರು ಎಂದು ಹೇಳುವುದಿಲ್ಲ. ಹುಳುಗಳು ಎರಡು ಕಿಲೋಮೀಟರ್ ದೂರಕ್ಕೂ ಹೋಗುತ್ತವೆ, ಅಷ್ಟರೊಳಗೆ ಎಷ್ಟೋ ಜನರ ಹೊಲಗಳಿವೆ. ಯಾವ ದಿನ, ಯಾವ ಹೊತ್ತಿನಿಂದ ಎಂಬುದನ್ನಷ್ಟೇ ಹೇಳುತ್ತದೆ. ಆ ದಿನ ಬೆಳಿಗ್ಗೆ ಯಾರು ಪಂಪು ಹೊತ್ತಿದ್ದರು ಎಂದು ಕೇಳುವುದು ಊರಿನವರ ಕೆಲಸ. ಉಳಿದ ಒಂಬತ್ತು ಪೆಟ್ಟಿಗೆಗಳ ಸೆನ್ಸರ್ ದುಡ್ಡಿನಲ್ಲಿ ಇನ್ನೊಂದು ತಕ್ಕಡಿ ಮಾಡಿ, ಹೊಲದ ಆಚೆ ತುದಿಯಲ್ಲಿ ಪೆಟ್ಟಿಗೆ ಇಟ್ಟಿರುವ ಇನ್ನೊಬ್ಬರಿಗೆ ಕೊಟ್ಟರೆ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.