ಲವ್ ಮ್ಯಾರೇಜ್ ಬೇಗ ಮುರಿಯುತ್ತದೆ, ಅರೇಂಜ್ಡ್ ಮದುವೆ ಬಾಳುತ್ತದೆ: ಈ ಫಾರ್ವರ್ಡ್‌ ಎಷ್ಟು ನಿಜ?

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಫ್ಯಾಮಿಲಿ ಗ್ರೂಪುಗಳಲ್ಲಿ ಮದುವೆ ಸೀಸನ್ ಬಂತೆಂದರೆ ಎರಡು ಬಗೆಯ ಮೆಸೇಜುಗಳು ಓಡಾಡುತ್ತವೆ. ಒಂದರಲ್ಲಿ "ಪ್ರೇಮ ವಿವಾಹಗಳೇ ಡಿವೋರ್ಸ್ ಆಗುವುದು, ಸುಪ್ರೀಂ ಕೋರ್ಟೇ ಹೇಳಿದೆ" ಎಂದಿರುತ್ತದೆ. ಇನ್ನೊಂದರಲ್ಲಿ "ಹಿರಿಯರು ನೋಡಿದ ಮದುವೆಯಲ್ಲಿ ಪ್ರೀತಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ, ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ" ಎಂದಿರುತ್ತದೆ. ಎರಡರಲ್ಲೂ ಸ್ವಲ್ಪ ನಿಜವಿದೆ, ಆದರೆ ಅದರಿಂದ ತೆಗೆದ ತೀರ್ಮಾನ ತಪ್ಪು. ಹೇಗೆಂದು ಒಂದೊಂದಾಗಿ ನೋಡೋಣ.

ಕೋರ್ಟ್ ಹೇಳಿದ್ದೇನು?

2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಒಂದು ದಂಪತಿಯ ವ್ಯಾಜ್ಯ ವಿಚಾರಣೆಗೆ ಬಂದಿತ್ತು. ಇದು ಪ್ರೇಮ ವಿವಾಹ ಎಂದು ವಕೀಲರು ತಿಳಿಸಿದಾಗ, ಹೆಚ್ಚಿನ ವಿಚ್ಛೇದನಗಳು ಪ್ರೇಮ ವಿವಾಹಗಳಿಂದಲೇ ಬರುತ್ತಿವೆ ಎಂಬರ್ಥದ ಮಾತನ್ನು ನ್ಯಾಯಮೂರ್ತಿ ಬಿ.ಆರ್. ಗವಾಯಿ ಆಡಿದರು. ಅದು ವಿಚಾರಣೆಯ ನಡುವೆ ಬಂದ ಮಾತು. ಯಾವುದೇ ಲೆಕ್ಕ ಹಾಕಿ ಬರೆದ ತೀರ್ಪಲ್ಲ. ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನ ಕೇಳುವವರು ಕ್ರೌರ್ಯ, ತ್ಯಜಿಸಿ ಹೋಗುವುದು, ಪರಸ್ಪರ ಒಪ್ಪಿಗೆ ಮುಂತಾದ ಕಾರಣ ಕೊಡಬೇಕೇ ಹೊರತು, ಮದುವೆ ಪ್ರೇಮದ್ದೋ ಹಿರಿಯರು ನೋಡಿದ್ದೋ ಎಂಬುದು ಕಾನೂನಿನ ಪ್ರಶ್ನೆಯೇ ಅಲ್ಲ.

ವಿಚ್ಛೇದನ ಕಡಿಮೆ ಇದ್ದರೆ ಸಂಸಾರ ಸುಖವಾಗಿದೆ ಎಂದೂ ಅರ್ಥವಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ವಿಚ್ಛೇದನ ಪಡೆದವರು ಸುಮಾರು 13.6 ಲಕ್ಷ. ವಿಚ್ಛೇದನ ಪಡೆಯದೆ ಬೇರೆಯಾಗಿ ಬದುಕುತ್ತಿರುವವರು ಅದರ ಎರಡು ಪಟ್ಟಿಗೂ ಹೆಚ್ಚು. ಮಗಳು ತವರಿಗೆ ಬಂದು ವರ್ಷಗಟ್ಟಲೆ ಉಳಿದರೂ "ಗಂಡ ಊರಲ್ಲಿಲ್ಲ" ಎಂದು ಸುಮ್ಮನಾಗುವ ಮನೆಗಳು ಕೋರ್ಟಿನ ಲೆಕ್ಕಕ್ಕೆ ಬರುವುದೇ ಇಲ್ಲ.

ಪ್ರೀತಿ ಹೆಚ್ಚುತ್ತದೆ ಎಂದ ಅಧ್ಯಯನ

ಎರಡನೇ ಫಾರ್ವರ್ಡಿನ ಮೂಲ 1982ರಲ್ಲಿ ಜೈಪುರದಲ್ಲಿ ಉಷಾ ಗುಪ್ತಾ ಮತ್ತು ಪುಷ್ಪಾ ಸಿಂಗ್ ನಡೆಸಿದ ಅಧ್ಯಯನ. ಪ್ರೇಮ ವಿವಾಹವಾದವರ ಪ್ರೀತಿಯ ಅಂಕ ಮೊದಲ ವರ್ಷಗಳಲ್ಲಿ ಹೆಚ್ಚಿದ್ದು ಆಮೇಲೆ ಇಳಿದಿದೆ, ಹಿರಿಯರು ನೋಡಿದ ಮದುವೆಯಲ್ಲಿ ಏರಿದೆ ಎಂದು ಅದು ಹೇಳಿದ್ದು ನಿಜ. ಆದರೆ ಅದರಲ್ಲಿದ್ದದ್ದು 50 ಜೋಡಿ ಮಾತ್ರ. ಅವರನ್ನು ಮದುವೆಯ ಬಗೆ ಮತ್ತು ಮದುವೆಯಾದ ವರ್ಷಗಳ ಲೆಕ್ಕದಲ್ಲಿ ಬಿಡಿಸಿದಾಗ ಒಂದೊಂದು ಗುಂಪಿನಲ್ಲಿ ಬೆರಳೆಣಿಕೆಯ ಜೋಡಿಗಳು ಉಳಿಯುತ್ತವೆ. ಒಂದೇ ಜೋಡಿಯನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದ್ದೂ ಅಲ್ಲ. ಹೊಸದಾಗಿ ಮದುವೆಯಾದವರನ್ನೂ ಹತ್ತು ವರ್ಷ ಕಳೆದ ಬೇರೆಯವರನ್ನೂ ಹೋಲಿಸಿದ್ದು.

ಬೇರೆ ಕಡೆ ಬೇರೆ ಉತ್ತರ ಬಂದಿದೆ. ಚೀನಾದ ಚೆಂಗ್ಡು ನಗರದಲ್ಲಿ 586 ಮಹಿಳೆಯರನ್ನು ಕೇಳಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮದುವೆಯಾಗಿ ಎಷ್ಟೇ ವರ್ಷವಾಗಿದ್ದರೂ ತಾವೇ ಆರಿಸಿಕೊಂಡವರೇ ಹೆಚ್ಚು ತೃಪ್ತರಾಗಿದ್ದರು. 2012ರಲ್ಲಿ ಅಮೆರಿಕದಲ್ಲಿರುವ 58 ಭಾರತೀಯರನ್ನು ಕೇಳಿದಾಗ ಎರಡು ಬಗೆಯ ಮದುವೆಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಹಾಗಾಗಿ ಯಾವುದು ಹೆಚ್ಚು ಬಾಳುತ್ತದೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ವ್ಯತ್ಯಾಸ ಎದ್ದು ಕಾಣುವುದು ಬೇರೆ ಜಾಗದಲ್ಲಿ. ಮದುವೆಗೆ ಮೊದಲು ಯಾವ ಮಾತು ಆಡಲಾಗಿತ್ತು, ಯಾವುದನ್ನು ಆಡದೆಯೇ "ಗೊತ್ತಿದ್ದದ್ದೇ ಅಲ್ವಾ" ಎಂದು ಬಿಡಲಾಗಿತ್ತು ಎಂಬಲ್ಲಿ.

ಹಿರಿಯರು ನೋಡಿದ ಮದುವೆ: ಮನೆಯನ್ನು ಕೇಳುತ್ತಾರೆ, ಮನುಷ್ಯರನ್ನಲ್ಲ

ನಮ್ಮ ಕಡೆಯ ಒಂದು ಉದಾಹರಣೆ ತೆಗೆದುಕೊಳ್ಳೋಣ. ಇದು ಊಹೆಯದ್ದೇ, ಆದರೆ ನಿಮಗೆ ಪರಿಚಿತ ಅನ್ನಿಸಬಹುದು. ಹುಡುಗಿ ಬೈಂದೂರು ಕಡೆಯವಳು, ಬಿ.ಎಡ್. ಮುಗಿಸಿದ್ದಾಳೆ. ಹುಡುಗ ಕುಂದಾಪುರದವನು, ಮುಂಬೈಯಲ್ಲಿ ಹೋಟೆಲ್ ಪಾಲುದಾರ. "ಹೆಣ್ಣ್ ಕಾಂಬುಕೆ" ಬಂದ ದಿನ ಹಿರಿಯರು ಕೇಳದ ವಿಷಯವಿಲ್ಲ. ಹೋಟೆಲಿನಲ್ಲಿ ಪಾಲೆಷ್ಟು, ಊರಲ್ಲಿ ಜಾಗ ಎಷ್ಟು, ಮದುವೆಯಾಗದ ತಂಗಿ ಇದ್ದಾಳಾ, ಸಾಲ ಇದೆಯಾ, ಜಾತಕ ಕೂಡುತ್ತದಾ ಎಂದೆಲ್ಲ ವಿಚಾರಿಸುತ್ತಾರೆ. ಬಂಟ, ಬಿಲ್ಲವ, ಮೊಗವೀರರಂತಹ ಅಳಿಯಕಟ್ಟಿನ ಸಮುದಾಯಗಳಲ್ಲಿ ತಾಯಿಯಿಂದ ಬಂದ ಬಳಿ ಯಾವುದೆಂದೂ ಕೇಳಬೇಕು, ಏಕೆಂದರೆ ಒಂದೇ ಬಳಿಯವರು ಅಣ್ಣ ತಂಗಿಯರ ಲೆಕ್ಕ. ಸೋದರಮಾವನ ಮಾತಿಗೆ ಅಲ್ಲಿ ತೂಕ ಜಾಸ್ತಿ.

ಈ ಎಲ್ಲ ಮಾತಿನ ನಡುವೆ "ಹುಡುಗ ಮುಂಬೈಯಲ್ಲಿದ್ದಾನೆ" ಎಂಬ ವಾಕ್ಯವನ್ನು ಎಲ್ಲರೂ ಕೇಳಿಸಿಕೊಂಡರು. ಹುಡುಗಿ ತಾನೂ ಮುಂಬೈಗೆ ಹೋಗುತ್ತೇನೆ, ಅಲ್ಲೇ ಟೀಚರ್ ಕೆಲಸ ಹುಡುಕುತ್ತೇನೆ ಎಂದುಕೊಂಡಳು. ಹುಡುಗನ ಅಮ್ಮ, ಮಗ ದೂರ ಇರುವುದರಿಂದ ಸೊಸೆ ಊರ ಮನೆಯಲ್ಲಿ ತನ್ನ ಜೊತೆ ಇರುತ್ತಾಳೆ ಎಂದುಕೊಂಡರು. ಹುಡುಗನ ಲೆಕ್ಕದಲ್ಲಿ ಎರಡು ಮೂರು ವರ್ಷ ಹೋಗಲಿ, ಆಮೇಲೆ ಬಾಡಿಗೆ ಮನೆ ನೋಡುವುದು. ಮೂವರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಮದುವೆಯಾಗಿ ನಾಲ್ಕನೇ ತಿಂಗಳಿಗೆ ಜಗಳ ಶುರುವಾದಾಗ "ಮೊದಲೇ ಗೊತ್ತಿತ್ತಲ್ಲ" ಎಂದು ಮೂವರೂ ಹೇಳುತ್ತಾರೆ, ಮೂವರಿಗೂ ಗೊತ್ತಿದ್ದದ್ದು ಬೇರೆ ಬೇರೆ.

ಪ್ರೇಮ ವಿವಾಹ: ಮನುಷ್ಯರನ್ನು ಕೇಳುತ್ತಾರೆ, ಮನೆಯನ್ನಲ್ಲ

ಈಗ ಇನ್ನೊಂದು ಜೋಡಿ. ಹುಡುಗಿ ಬ್ರಹ್ಮಾವರ ಕಡೆಯ ಮಕ್ಕಳಕಟ್ಟಿನ, ಅಂದರೆ ತಂದೆಯಿಂದ ಗೋತ್ರ ಬರುವ ಮನೆಯವಳು. ಹುಡುಗ ಅಳಿಯಕಟ್ಟಿನ ಮನೆಯವನು. ಇಬ್ಬರೂ ಕಾಲೇಜಿನಿಂದ ಐದು ವರ್ಷದ ಪರಿಚಯ. ಒಬ್ಬರ ಕೋಪ, ಇಷ್ಟ, ಕನಸು ಎಲ್ಲ ಇನ್ನೊಬ್ಬರಿಗೆ ಗೊತ್ತು. ಮೇಲಿನ ಜೋಡಿಗೆ ಇಲ್ಲದ ದೊಡ್ಡ ಬಲ ಇದು.

ಅವರು ಕೇಳಿಕೊಳ್ಳದೆ ಬಿಟ್ಟದ್ದು ಮನೆಯ ವಿಷಯ. ಅವನ ಸಂಬಳದಲ್ಲಿ ಅಕ್ಕನ ಮದುವೆ ಸಾಲಕ್ಕೆ ತಿಂಗಳಿಗೆ ಎಷ್ಟು ಹೋಗುತ್ತದೆ? ಅವಳ ಅಪ್ಪ ಅಮ್ಮನಿಗೆ ಗಂಡು ಮಕ್ಕಳಿಲ್ಲದಿದ್ದರೆ ಮುಂದೆ ನೋಡಿಕೊಳ್ಳುವವರು ಯಾರು? ಇದಕ್ಕಿಂತ ಸೂಕ್ಷ್ಮವಾದದ್ದು ಮಗುವಿನ ಪ್ರಶ್ನೆ. ಅಳಿಯಕಟ್ಟಿನಲ್ಲಿ ಬಳಿ ತಾಯಿಯಿಂದ ಬರಬೇಕು, ಈ ಮಗುವಿನ ತಾಯಿಗೆ ಬಳಿ ಇಲ್ಲ. ಮಕ್ಕಳಕಟ್ಟಿನಲ್ಲಿ ಗೋತ್ರ ತಂದೆಯಿಂದ ಬರಬೇಕು, ಈ ತಂದೆಯ ಮನೆಯಲ್ಲಿ ಆ ಲೆಕ್ಕವೇ ಇಲ್ಲ. ಹಳೆಯ ಪದ್ಧತಿಯ ಪ್ರಕಾರ ನೋಡಿದರೆ ಮಗು ಎರಡೂ ಕಡೆಯ ಪಟ್ಟಿಯಿಂದ ಹೊರಗೆ. ಹುಡುಗ ಹುಡುಗಿ ಅದೇ ಅಳಿಯಕಟ್ಟು, ಮಕ್ಕಳಕಟ್ಟಿನವರು ಅದಲು ಬದಲಾಗಿದ್ದರೆ ಎರಡೂ ಕಡೆ ಸೇರುತ್ತಿತ್ತು! ಆಸ್ತಿಯ ಹಕ್ಕನ್ನು ಇಂದು ಕಾನೂನು ನೋಡಿಕೊಳ್ಳುತ್ತದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಮನೆಯ ದೈವದ ಕಾರ್ಯಕ್ಕೆ, ನಾಗಬನದ ಪೂಜೆಗೆ ಮಗುವನ್ನು ಯಾವ ಮನೆಯದ್ದೆಂದು ಕರೆಯುವುದು ಎಂಬ ಮಾತು ಒಂದು ದಿನ ಬಂದೇ ಬರುತ್ತದೆ. ಇಬ್ಬರೂ ಮೊದಲೇ ಮಾತಾಡಿ "ನಮಗೆ ಅದು ಮುಖ್ಯವಲ್ಲ" ಎಂದು ನಿರ್ಧರಿಸಿದ್ದರೆ ಅದು ಸಣ್ಣ ವಿಷಯ. ಬಾಣಂತನದ ಹೊತ್ತಿಗೆ ಮೊದಲ ಸಲ ಕೇಳಿದರೆ ದೊಡ್ಡ ಜಗಳ.

ಒಬ್ಬರಿಂದ ಇನ್ನೊಬ್ಬರು ಏನು ಕಲಿಯಬಹುದು?

ಹಿರಿಯರು ನೋಡಿದ ಸಂಬಂಧದವರು ಪ್ರೇಮಿಗಳಿಂದ ನೇರ ಮಾತನ್ನು ಕಲಿಯಬೇಕು. ಹೆಣ್ಣು ನೋಡುವ ದಿನಕ್ಕೂ ನಿಶ್ಚಿತಾರ್ಥಕ್ಕೂ ನಡುವೆ ಕೆಲವು ವಾರ ಬಿಟ್ಟು, ಹುಡುಗ ಹುಡುಗಿ ಎರಡು ಮೂರು ಬಾರಿಯಾದರೂ ತಾವಿಬ್ಬರೇ ಕೂತು ಮಾತಾಡಬೇಕು. "ನಿಮ್ಮ ಹವ್ಯಾಸ ಏನು" ಎಂಬ ಪ್ರಶ್ನೆಯಿಂದ ಹೆಚ್ಚು ತಿಳಿಯುವುದಿಲ್ಲ. "ಮದುವೆಯಾಗಿ ಮೂರು ತಿಂಗಳ ನಂತರ, ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಎಲ್ಲಿರುತ್ತೇನೆ, ನೀವು ಎಲ್ಲಿರುತ್ತೀರಿ?" ಎಂದು ಕೇಳಿ. ಮುಂಬೈಯೋ ಊರೋ, ಕೆಲಸವೋ ಅಡುಗೆಮನೆಯೋ, ಎಲ್ಲ ಆ ಒಂದು ಉತ್ತರದಲ್ಲಿ ಹೊರಗೆ ಬರುತ್ತದೆ. "ಅದನ್ನೆಲ್ಲ ಆಮೇಲೆ ನೋಡುವ" ಎಂಬ ಉತ್ತರ ಬಂದರೆ ಆ ವಿಷಯ ಇನ್ನೂ ತೀರ್ಮಾನವಾಗಿಲ್ಲ ಎಂದೇ ತಿಳಿಯಿರಿ.

ಬೇಡ ಎನ್ನುವ ಅವಕಾಶ ನಿಜವಾಗಿ ಇದೆಯೇ ಎಂಬುದನ್ನೂ ನೋಡಬೇಕು. ಹಾಲ್ ಬುಕ್ ಆದ ಮೇಲೆ "ನಿನಗೆ ಒಪ್ಪಿಗೆ ಅಲ್ವಾ" ಎಂದು ಕೇಳಿದರೆ ಅದು ಪ್ರಶ್ನೆಯಲ್ಲ. ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ 2011-12ರ ಸುತ್ತಿನಲ್ಲಿ, ಗಂಡನನ್ನು ತಾನೇ ಆರಿಸಿಕೊಂಡೆ ಎಂದ ಮಹಿಳೆಯರು ನೂರಕ್ಕೆ ಸುಮಾರು ಐವರು ಮಾತ್ರ. ಉಳಿದವರಲ್ಲಿ ಮನೆಯವರ ಜೊತೆ ತಾವೂ ಕೂತು ಆರಿಸಿದವರೂ ಇದ್ದಾರೆ, ಕೇಳದೆಯೇ ಮದುವೆ ಮಾಡಿಸಿದವರೂ ಇದ್ದಾರೆ. ಎರಡನ್ನೂ "ಅರೇಂಜ್ಡ್" ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಹೋಲಿಕೆಗಳು ದಾರಿ ತಪ್ಪುತ್ತವೆ.

ಪ್ರೇಮಿಗಳು ಹಿರಿಯರ ಮಾತುಕತೆಯಿಂದ ಲೆಕ್ಕದ ಶಿಸ್ತನ್ನು ಕಲಿಯಬೇಕು. ಒಂದು ಸಂಜೆ ಕೂತು ಸಂಬಳ, ಸಾಲ, ಮನೆಗೆ ಕಳುಹಿಸುವ ಹಣ, ಎರಡೂ ಕಡೆಯ ಅಪ್ಪ ಅಮ್ಮನ ಆರೈಕೆ, ಹಬ್ಬ ಮತ್ತು ದೈವದ ಕಾರ್ಯ, ಮಗುವಿನ ಹೆಸರು, ಇವಿಷ್ಟನ್ನೂ ಕಾಗದದ ಮೇಲೆ ಬರೆಯಿರಿ. ಸ್ಪೆಷಲ್ ಮ್ಯಾರೇಜ್ ಆಕ್ಟ್ ಅಡಿ ನೋಂದಣಿ ಮಾಡುವವರಿಗೆ ಹೇಗೂ 30 ದಿನದ ನೋಟಿಸ್ ಅವಧಿ ಇರುತ್ತದೆ, ಆ ದಿನಗಳನ್ನು ಇದಕ್ಕೆ ಬಳಸಬಹುದು.

ಇನ್ನೊಂದು ಕಲಿಯಬೇಕಾದ್ದು ನಡುವೆ ಬರುವ ಹಿರಿಯರ ಉಪಯೋಗ. ಹಿರಿಯರು ನೋಡಿದ ಮದುವೆಯಲ್ಲಿ ಜಗಳವಾದರೆ ಸೋದರಮಾವನೋ ದೊಡ್ಡಮ್ಮನೋ ಬಂದು ಕೂರುತ್ತಾರೆ. ಪ್ರೇಮ ವಿವಾಹದವರಿಗೆ "ನೀವೇ ಮಾಡಿಕೊಂಡದ್ದಲ್ವಾ" ಎಂಬ ಉತ್ತರ ಸಿಗುತ್ತದೆ, ಆ ಮಾತಿಗೆ ಹೆದರಿ ಕಷ್ಟವನ್ನು ಹೇಳಿಕೊಳ್ಳುವುದೇ ಇಲ್ಲ. ಎರಡೂ ಕಡೆಯಿಂದ ಒಬ್ಬೊಬ್ಬ ನಂಬಿಕಸ್ಥ ಹಿರಿಯರನ್ನು ಮದುವೆಗೆ ಮೊದಲೇ ಗುರುತಿಸಿಟ್ಟರೆ ಈ ಕೊರತೆ ಬಹಳಷ್ಟು ತುಂಬುತ್ತದೆ. ಮನೆಯವರ ಒಪ್ಪಿಗೆ ಕಾನೂನಿಗೆ ಬೇಕೇ ಎಂದರೆ, ಬೇಡ. ಬೆಳಗಾವಿ ಜಿಲ್ಲೆಯ ಒಂದು ಪ್ರಕರಣದಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಇಬ್ಬರು ವಯಸ್ಕರು ಒಪ್ಪಿದ ಮೇಲೆ ಕುಟುಂಬದ ಅಥವಾ ಸಮುದಾಯದ ಒಪ್ಪಿಗೆ ಅಗತ್ಯವಿಲ್ಲ ಎಂದಿದೆ. ಇದು ತೀರ್ಪಿನಲ್ಲೇ ಇರುವ ಮಾತು.

ಮಾತಿನಿಂದ ಸರಿಯಾಗದ್ದೂ ಇದೆ

ಹೊಡೆತ, ವರದಕ್ಷಿಣೆ ಪೀಡನೆ, ಫೋನ್ ಕಿತ್ತುಕೊಂಡು ಕೂಡಿಹಾಕುವುದು, ಇವು ನಿರೀಕ್ಷೆ ಹೊಂದದ ಸಮಸ್ಯೆಗಳಲ್ಲ. ಎರಡೂ ಬಗೆಯ ಮದುವೆಯಲ್ಲಿ ಇವು ಅಪರಾಧ. ಇಲ್ಲಿ "ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಎಂಬ ಹಿರಿಯರ ಮಾತಿಗಿಂತ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡುವುದು ಸರಿ.

ಮುಂದಿನ ಸಲ "ಲವ್ ಮ್ಯಾರೇಜ್ ಮುರಿಯುತ್ತದೆ" ಎಂಬ ಮೆಸೇಜ್ ಬಂದರೆ, ಎಷ್ಟು ಜನರನ್ನು ಕೇಳಿದರು, ಯಾವ ಊರಲ್ಲಿ, ಯಾವಾಗ ಎಂದು ಕಳಿಸಿದವರನ್ನೇ ಕೇಳಿ. ಉತ್ತರ ಬರದಿದ್ದರೆ ಅದನ್ನು ಅಲ್ಲಿಗೇ ಬಿಡಿ. ಮದುವೆ ಗೊತ್ತಾಗಿರುವ ತಂಗಿಗೋ ತಮ್ಮನಿಗೋ ಆ ಮಂಗಳವಾರದ ಪ್ರಶ್ನೆಯನ್ನು ಫಾರ್ವರ್ಡ್ ಮಾಡಿ.