ಅರ್ಥವಾಯಿತೇ ಅಂತ ನೋಡಿ ಅಂಕ ಕೊಡಿ, ಊರಿನ ರಾಗಕ್ಕೆ ದಂಡ ಹಾಕಬೇಡಿ

ತಾಲೂಕು ಕೇಂದ್ರಗಳ ಸ್ಪೋಕನ್ ಇಂಗ್ಲಿಷ್ ಕೋರ್ಸು ಹೇಗೆ ಮುಗಿಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಕೊನೆಯ ದಿನ 'ಓರಲ್ ಟೆಸ್ಟ್'. ಹುಡುಗನೋ ಹುಡುಗಿಯೋ ಎದ್ದು ನಿಂತು ಹೆಸರು, ಊರು, ಅಪ್ಪನ ಕೆಲಸ, ಹವ್ಯಾಸ ಅಂತ ಬಾಯಿಪಾಠ ಒಪ್ಪಿಸಬೇಕು. ಎರಡು ನಿಮಿಷದಲ್ಲಿ ಮೇಷ್ಟ್ರು ಹತ್ತಕ್ಕೆ ನಾಲ್ಕೋ ಏಳೋ ಬರೆದುಕೊಳ್ಳುತ್ತಾರೆ. ನಾಲ್ಕು ಯಾಕೆ ಅಂತ ಕೇಳಿದರೆ 'ಸ್ಲ್ಯಾಂಗ್ ಸರಿಯಿಲ್ಲ' ಎನ್ನುತ್ತಾರೆ.

ಇದನ್ನು ಪರೀಕ್ಷೆ ಅಂತ ಕರೆಯಲು ನಾವು ಒಪ್ಪುವುದಿಲ್ಲ. ಇಲ್ಲಿ ಅಳೆಯುವುದು ನೆನಪಿನ ಶಕ್ತಿಯನ್ನು ಮತ್ತು ಹುಟ್ಟಿದ ಊರನ್ನು. ಫೀಸು ಕಟ್ಟಿದ್ದು ಇಂಗ್ಲಿಷ್ ಕಲಿಯುವುದಕ್ಕೆ.

ಮೊದಲ ದೋಷ, ಮೂರು ಬೇರೆ ಬೇರೆ ಸಾಮರ್ಥ್ಯಗಳನ್ನು ಒಂದೇ ಅಂಕದಲ್ಲಿ ತುರುಕುವುದು. ಕೇಳಿದ್ದು ಅರ್ಥವಾಗುವುದು ಒಂದು, ಮಾತಾಡಿ ಕೆಲಸ ಮುಗಿಸುವುದು ಇನ್ನೊಂದು, ಉಚ್ಚಾರಣೆ ಮತ್ತೊಂದು. ಹತ್ತಕ್ಕೆ ನಾಲ್ಕು ಬಂದವಳಿಗೆ ತಾನು ಯಾವುದರಲ್ಲಿ ಹಿಂದಿದ್ದೇನೆ ಅಂತ ಹೇಗೆ ತಿಳಿಯಬೇಕು? ಮೂರಕ್ಕೂ ಐದೈದು ಅಂಕ ಇಟ್ಟು ಬೇರೆ ಬೇರೆಯಾಗಿಯೇ ತೋರಿಸಿ.

ಕೇಳುವಿಕೆಗೆ ಒಂದು ನಿಮಿಷದ ರೆಕಾರ್ಡಿಂಗ್ ಸಾಕು. ಬಸ್ಸು ತಡವಾಗಿದೆ, ಎಷ್ಟು ಗಂಟೆಗೆ ಹೊರಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬಂಥ ಮಾಹಿತಿ ಅದರಲ್ಲಿರಲಿ. ಎರಡು ಸಲ ಕೇಳಿಸಿ, ಐದು ಪ್ರಶ್ನೆ ಕೊಡಿ. ಉತ್ತರ ಕನ್ನಡದಲ್ಲಿ ಬರೆದರೂ ಅಂಕ ಕೊಡಿ. ಇಂಗ್ಲಿಷಿನಲ್ಲೇ ಉತ್ತರಿಸು ಅಂದರೆ ನೀವು ಮತ್ತೆ ಮಾತನ್ನೇ ಅಳೆದಂತಾಯಿತು.

ಮಾತಿಗೆ ಬಾಯಿಪಾಠ ಬೇಡ, ಒಂದು ಕೆಲಸ ಕೊಡಿ. ಐದು ನಿಮಿಷ ಮೇಷ್ಟ್ರು ಮೆಡಿಕಲ್ ಅಂಗಡಿಯವರಾಗಲಿ, ವಿದ್ಯಾರ್ಥಿ ಮಾತ್ರೆ ಕೊಳ್ಳಲಿ. ನಡುವೆ ಅವಳು ನಿರೀಕ್ಷಿಸದ ಪ್ರಶ್ನೆಯೊಂದು ಬರಲಿ. ಅಂಕದ ಮಟ್ಟಗಳನ್ನು ಪರೀಕ್ಷೆಗೆ ಮೊದಲೇ ಬರೆದು ಗೋಡೆಗೆ ಅಂಟಿಸಿ. ಕೆಲಸವೂ ಮುಗಿದು, ಮರುಪ್ರಶ್ನೆಗೂ ಪೂರ್ತಿ ಉತ್ತರ ಬಂದರೆ 5. ವ್ಯಾಕರಣ ತಪ್ಪಿದರೂ ಕೆಲಸ ಮುಗಿದರೆ 3. ಬಿಡಿ ಪದಗಳಷ್ಟೇ ಬಂದು ಕೆಲಸ ಮುಗಿಯದಿದ್ದರೆ 1. ನಡುವಿನದಕ್ಕೆ 4 ಮತ್ತು 2.

ಉಚ್ಚಾರಣೆಗೂ ಇದೇ ಮಾತಿನಿಂದಲೇ ಅಂಕ ಕೊಡಿ. ಒಂದು ಸಲವೂ 'ಏನಂದೆ?' ಅಂತ ಕೇಳಬೇಕಾಗದಿದ್ದರೆ 5. ಒಂದೆರಡು ಸಲ ಕೇಳಬೇಕಾಗಿ, ಮತ್ತೆ ಹೇಳಿದಾಗ ತಿಳಿದರೆ 3. ಮತ್ತೆ ಹೇಳಿದರೂ ತಿಳಿಯದಿದ್ದರೆ 1. ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲೂ ಮಾತಿನ ಅಂಕದಲ್ಲಿ ಉಚ್ಚಾರಣೆಯ ಪಾಲು ಕಾಲು ಭಾಗ ಮಾತ್ರ. ಅಲ್ಲೂ ನೋಡುವುದು ಕೇಳುವವರಿಗೆ ಎಷ್ಟು ಸುಲಭವಾಗಿ ಅರ್ಥವಾಯಿತು ಎಂಬುದನ್ನೇ.

ಒಬ್ಬಳು ಹೀಗೆ ಮಾತಾಡಿದಳು ಅಂದುಕೊಳ್ಳಿ: 'ಮೈ ಫಾದರ್ ಈಸ್ ಫೀವರ್. ಐ ವಾಂಟ್ ಫಿಫ್ಟಿನ್ ಟ್ಯಾಬ್ಲೆಟ್ಸ್.' ಅಂಗಡಿಯವರಿಗೆ ಅದು ಐವತ್ತು ಅಂತ ಕೇಳಿಸಿತು. 'ಫಿಫ್ಟಿ?' ಅಂದರು. ಅವಳು ತಕ್ಷಣ 'ನೋ ಸರ್, ಒನ್ ಫೈವ್' ಅಂದಳು. ಮಾತಿಗೆ 3, ಯಾಕೆಂದರೆ ವ್ಯಾಕರಣ ತಪ್ಪಿದರೂ ಕೆಲಸ ಮುಗಿದಿದೆ. ಉಚ್ಚಾರಣೆಗೂ 3. ಅವಳು ತಿದ್ದಿಕೊಳ್ಳಬೇಕಾದ್ದು 'ಟೀನ್' ಅನ್ನು ಎಳೆದು ಒತ್ತಿ ಹೇಳುವುದನ್ನು, ಯಾಕೆಂದರೆ ಅಲ್ಲಿ ಅರ್ಥವೇ ಬದಲಾಗುತ್ತದೆ. 'ಟೆಸ್ಟ್' 'ಟೇಸ್ಟ್' ಆದರೂ, 'ಸ್ನ್ಯಾಕ್ಸ್' 'ಸ್ನೇಕ್ಸ್' ಆದರೂ ಹಾಗೆಯೇ. ಅವಳು 'ಇಸ್ಕೂಲ್' ಅಂದರೆ, 'ಜೀರೋ' ಅಂದರೆ ಅರ್ಥ ಎಲ್ಲೂ ಕೆಡುವುದಿಲ್ಲ. ಅದಕ್ಕೆ ಅಂಕ ಕಡಿಯಬೇಡಿ.

ಇಲ್ಲೊಂದು ಅಪಾಯವೂ ಇದೆ. ನಮ್ಮೂರಿನ ಮೇಷ್ಟ್ರಿಗೆ ನಮ್ಮ ಇಂಗ್ಲಿಷ್ ಬೇಗ ಅರ್ಥವಾಗುತ್ತದೆ, ಬೆಂಗಳೂರಿನ ಕಾಲ್ ಸೆಂಟರಿನವರಿಗೆ ಆಗದಿರಬಹುದು. ಆದ್ದರಿಂದ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಆ ಮಕ್ಕಳ ಪರಿಚಯವಿಲ್ಲದ, ಸಾಧ್ಯವಾದರೆ ಕನ್ನಡ ಮನೆಮಾತಲ್ಲದ ಇನ್ನೊಬ್ಬ ಶಿಕ್ಷಕರಿಗೂ ಕೇಳಿಸಿ. ಇಬ್ಬರೂ ಬೇರೆ ಬೇರೆಯಾಗಿ ಅಂಕ ಹಾಕಲಿ. ಒಂದು ಅಂಕದ ವ್ಯತ್ಯಾಸವಾದರೆ ಸರಾಸರಿ ತೆಗೆಯಿರಿ. ಎರಡು ದಾಟಿದರೆ ಇಬ್ಬರೂ ಕೂತು ಗೋಡೆಯ ಮೇಲಿನ ಮಟ್ಟಗಳ ಮುಂದೆ ಮತ್ತೊಮ್ಮೆ ಕೇಳಲಿ.

ಸಮಯ ಎಲ್ಲಿದೆ ಅಂತ ಕೇಂದ್ರದವರು ಕೇಳುತ್ತಾರೆ. ಕೇಳುವಿಕೆಯ ಪರೀಕ್ಷೆಯನ್ನು ಇಡೀ ತರಗತಿಗೆ ಒಟ್ಟಿಗೇ ಮಾಡಬಹುದು. ಉಳಿದದ್ದು ಇಪ್ಪತ್ತು ಮಕ್ಕಳಿಗೆ ತಲಾ ಐದು ನಿಮಿಷ, ಅಂದರೆ 100 ನಿಮಿಷ. ಮೂರು ತಿಂಗಳ ಫೀಸು ತೆಗೆದುಕೊಂಡವರು ಎರಡು ಗಂಟೆ ಕೊಡಲಾರರೇ? ನಿಮ್ಮ ಮಕ್ಕಳನ್ನು ಸೇರಿಸುವ ಮೊದಲು ಒಂದೇ ಮಾತು ಕೇಳಿ: 'ಐದಕ್ಕೆ ಮೂರು ಯಾವಾಗ ಕೊಡುತ್ತೀರಿ, ಬರೆದು ತೋರಿಸಿ.' ತೋರಿಸಲಾಗದ ಕಡೆ ದುಡ್ಡು ಕಟ್ಟಬೇಡಿ.