ದಸರಾ ಸ್ಟೇಟಸ್‌ನಾಗ ಬನ್ನಿ ಕೊಡೋದು ಹೆಂಗ?

ದಸರಾ ದಿನ ಬೆಳಿಗ್ಗೆ ವಾಟ್ಸಾಪ್ ಸ್ಟೇಟಸ್ ತೆಗೆದರೆ ಏನು ಕಾಣುತ್ತೆ ಅಂತ ನಿಮಗೆ ಗೊತ್ತೇ ಇದೆ. ಹಳದಿ ಹಿನ್ನೆಲೆ, ಚೆಂಡು ಹೂವಿನ ಹಾರ, ನಡುವೆ "ತಮಗೂ ತಮ್ಮ ಕುಟುಂಬದವರಿಗೂ ವಿಜಯದಶಮಿಯ ಹಾರ್ದಿಕ ಶುಭಾಶಯಗಳು", ಕೆಳಗೆ ಯಾವುದೋ ಅಂಗಡಿಯ ಹೆಸರು. ಹತ್ತು ಜನರದ್ದು ನೋಡಿ ಮುಗಿಸಿದರೂ ಯಾವುದು ಯಾರದು ಅಂತ ನೆನಪಿರಲ್ಲ. ಇದನ್ನು ನೋಡಿ ಬೇಸತ್ತವರು "ಸ್ಟೇಟಸ್ ಹಾಕೋದೇ ಬರೀ ತೋರಿಕೆ, ನಾ ಹಾಕೂದಿಲ್ಲ" ಅಂತಾರೆ. ನನಗೆ ಆ ಮಾತೂ ಒಪ್ಪಿಗೆಯಿಲ್ಲ. ಒಂದೇ ಮಾತನ್ನು ನೂರು ಜನಕ್ಕೆ ಹೇಳಿದ ಮಾತ್ರಕ್ಕೆ ಅದು ಸುಳ್ಳಾಗಲ್ಲ. ಹಾಗಾಗುವುದಿದ್ದರೆ ನಮ್ಮ ಬನ್ನಿ ಕೊಡೋ ಪದ್ಧತಿಯೇ ಯಾವತ್ತೋ ಸುಳ್ಳಾಗಬೇಕಿತ್ತು.

ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರದ ಹಳ್ಳಿಗಳಲ್ಲಿ ಇದು ನಡೆಯೋ ರೀತಿ ನೋಡ್ರಿ. ಸಂಜೆ ಊರ ಗಡಿ ದಾಟಿ ಬನ್ನಿ ಗಿಡದ ಹತ್ತಿರ ಹೋಗ್ತಾರೆ, ಪೂಜೆ ಮಾಡ್ತಾರೆ, ಎಲೆ ತರ್ತಾರೆ. ಮೊದಲು ದೇವರಿಗೆ, ಆಮೇಲೆ ಮನೆಯ ಹಿರಿಯರಿಗೆ ಕೊಟ್ಟು ಕಾಲಿಗೆ ನಮಸ್ಕಾರ. ಆಮೇಲೆ ಓಣಿ ಓಣಿ ತಿರುಗೋದು. ಪ್ರತಿ ಮನೆಯಲ್ಲೂ ಅದೇ ಮಾತು: "ಬನ್ನಿ ತಗೊಂಡು ನಾವು ನೀವು ಬಂಗಾರದಂಗ ಇರೂಣ." ಮರಾಠಿ ಮನೆಗಳಲ್ಲಿ ಆಪಟಾ ಎಲೆ ಕೊಟ್ಟು "ಸೋನಂ ಘ್ಯಾ, ಸೋನ್ಯಾಸಾರಖಂ ರಾಹಾ" ಅಂತಾರೆ. ಒಬ್ಬ ಹುಡುಗ ಒಂದೇ ಸಂಜೆ ಈ ವಾಕ್ಯವನ್ನು ಐವತ್ತು ಸಲ ಹೇಳಬಹುದು. ಆದರೂ ಕೇಳಿದ ಅಜ್ಜಿಗೆ ಅದು ಎಲ್ಲರಿಗೂ ಕಳಿಸಿದ ಮಾತು ಅನ್ನಿಸಲ್ಲ.

ಯಾಕೆ ಅನ್ನಿಸಲ್ಲ? ಎರಡು ಕಾರಣ. ಒಂದು, ಮಾತಿನ ಜೊತೆ ಹುಡುಗ ಬಂದಿರ್ತಾನೆ, ಕೈಯಲ್ಲಿ ಎಲೆ ಇರುತ್ತೆ. ಎರಡು, ಆ ವಾಕ್ಯದಲ್ಲಿ "ನಾವು ನೀವು" ಇದೆ. "ತಮಗೆ ಶುಭಾಶಯ" ಅನ್ನೋದರಲ್ಲಿ ಹೇಳೋನು ಹೊರಗೆ ನಿಂತಿರ್ತಾನೆ, ವೇದಿಕೆ ಮೇಲಿಂದ ಹಂಚಿದಂಗೆ. "ನಾವು ನೀವು ಇರೂಣ" ಅಂದಾಗ ಹೇಳೋನೂ ಮಾತಿನೊಳಗೆ ಬರ್ತಾನೆ, ಒಳ್ಳೆಯವನಾಗಿರೋ ಹೊಣೆ ಅವನ ಮೇಲೂ ಬೀಳುತ್ತೆ. ಸ್ಟೇಟಸ್‌ನಲ್ಲಿ ಮೊದಲನೆಯದು ಪೂರ್ತಿ ಬರಲ್ಲ. ಎರಡನೆಯದು ಬರುತ್ತೆ, ಅದಕ್ಕೆ ಖರ್ಚೂ ಇಲ್ಲ.

ನಾನು ಬ್ಯಾಂಕಿನ ಕೌಂಟರ್‌ನಲ್ಲಿ ಕೂರೋನು, ಹಾಗಾಗಿ ನನಗೆ ಇದು ಚೆಕ್ ಥರ ಕಾಣುತ್ತೆ. ಬೇರರ್ ಚೆಕ್ ಯಾರ ಕೈಯಲ್ಲಿದೆಯೋ ಅವರಿಗೆ ಹಣ. ಅಕೌಂಟ್ ಪೇಯಿ ಚೆಕ್ ಹೆಸರಿದ್ದವರ ಖಾತೆಗೆ ಮಾತ್ರ. ಸ್ಟೇಟಸ್ ಬೇರರ್ ಚೆಕ್ ಇದ್ದಂಗೆ. ನಿಮ್ಮ ನಂಬರ್ ಉಳಿಸಿಕೊಂಡ, ನೀವೂ ಅವರ ನಂಬರ್ ಉಳಿಸಿಕೊಂಡ ಯಾರೇ ತೆಗೆದರೂ ಅದು ಅವರದ್ದಾಗಬೇಕು. ಒಬ್ಬರಿಗೆ ಮಾತ್ರ ಸಲ್ಲಬೇಕಾದ್ದನ್ನು ಅದರಲ್ಲಿ ಬರೆದರೆ ಉಳಿದವರು ಇಣುಕಿ ನೋಡಿದಂಗಾಗುತ್ತೆ. ಯಾರಿಗೂ ಸಲ್ಲದ್ದನ್ನು ಬರೆದರೆ ಖಾಲಿ ಚೀಟಿ.

ಈಗ ಒಂದು ಉದಾಹರಣೆ ತಗೊಳ್ಳೋಣ. ಅಕ್ಕಲಕೋಟ ತಾಲೂಕಿನ ಹುಡುಗ, ಪುಣೆಯಲ್ಲಿ ಕೆಲಸ, ದಸರಾಕ್ಕೆ ಊರಿಗೆ ಬಂದಿದ್ದಾನೆ ಅಂದ್ಕೊಳ್ಳಿ. ಅವನ ಸ್ಟೇಟಸ್ ನೋಡೋರಲ್ಲಿ ಊರಿನ ಕಾಕಾ ಇದ್ದಾನೆ, ಪುಣೆ ಆಫೀಸಿನ ಸಾಹೇಬ ಇದ್ದಾನೆ, ಟ್ರ್ಯಾಕ್ಟರ್ ಹೊಡೆಯೋ ಮುಸ್ಲಿಂ ಗೆಳೆಯ ಇದ್ದಾನೆ. ಇಂಡಿಗೆ ಮದುವೆಯಾಗಿ ಹೋದ ಅಕ್ಕ, ಹೋದ ತಿಂಗಳು ತಂದೆ ತೀರಿಕೊಂಡ ಗೆಳೆಯ, ಮತ್ತೆ ಬಾಂದಿನ ಜಗಳದಲ್ಲಿ ಮಾತು ಬಿಟ್ಟ ದೊಡ್ಡಪ್ಪನ ಮಗ, ಇವರೂ ಇದ್ದಾರೆ.

ಅವನು ಮೊದಲು ಬರೆದದ್ದು: "ಎಲ್ಲರ ಬಾಳಲ್ಲಿ ಸುಖ ಶಾಂತಿ ಸಮೃದ್ಧಿ ತುಂಬಿ ತುಳುಕಲಿ." ಇದರಲ್ಲಿ ತಪ್ಪು ಏನೂ ಇಲ್ಲ. ಆದರೆ ಇದನ್ನು ಬೆಂಗಳೂರಿನವನೂ ಬರೆಯಬಹುದು, ಯುಗಾದಿಗೂ ಬರೆಯಬಹುದು, ಹುಟ್ಟುಹಬ್ಬಕ್ಕೂ ಬರೆಯಬಹುದು. ಇದೇ ಪರೀಕ್ಷೆ ನೋಡ್ರಿ: ಹಬ್ಬದ ಹೆಸರು ಬದಲಿಸಿದರೂ ವಾಕ್ಯ ನಡೆಯುತ್ತೆ ಅಂದ್ರೆ ಅದು ನಿಮ್ಮದಲ್ಲ. ಮೇಲಾಗಿ ತಂದೆ ಕಳ್ಕೊಂಡ ಗೆಳೆಯ "ತುಂಬಿ ತುಳುಕಲಿ" ಅನ್ನೋದನ್ನು ಓದಿದಾಗ ಹೇಗನ್ನಿಸುತ್ತೆ?

ಎರಡನೇ ಸಲ ಬರೆದದ್ದು: "ಬಂಗಾರ ಯಾರು, ಹಿತ್ತಾಳಿ ಯಾರು ಅಂತ ಈಗ ಗೊತ್ತಾಗ್ಯಾದ. ಹ್ಯಾಪಿ ದಸರಾ." ಇದರಲ್ಲಿ ನಿಜವಾದ ಭಾವನೆ ಇದೆ, ಒಪ್ತೀನಿ. ಆದರೆ ಇದು ದೊಡ್ಡಪ್ಪನ ಮಗನಿಗೆ ಹೊಡೆದ ಕಲ್ಲು. ನೋಡಿದ ಇನ್ನೂರು ಜನರಲ್ಲಿ ಐವತ್ತು ಜನ "ನನಗೇ ಅಂದನೇನು?" ಅಂತ ತಲೆ ಕೆಡಿಸ್ಕೋತಾರೆ. ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕೋದೇ ಪ್ರಾಮಾಣಿಕತೆ ಅಂತ ನಮ್ಮ ಹುಡುಗರು ತಿಳ್ಕೊಂಡಿದ್ದಾರೆ. ಮಾತು ಬಿಟ್ಟವರು ಮತ್ತೆ ಮಾತಾಡೋಕೆ ಬನ್ನಿ ಒಂದು ನೆಪ. ಆ ದಿನವೇ ಚುಚ್ಚಿದರೆ ಆ ನೆಪವನ್ನೂ ಕಳ್ಕೊಂಡಂಗೆ.

ಮೂರನೇ ಸಲ: "ನಮ್ಮ ಬಾಂದಿನ ಬನ್ನಿ ಗಿಡಕ್ಕ ಈ ಸಲ ಎಲಿ ಚಲೋ ಬಂದಾವ. ಎಲ್ಲಾರ ಮನಿಗೂ ಬಂದು ಕೊಡತೀನಿ." ಈಗ ಊರು ಬಂತು, ಹೊಲ ಬಂತು, ಅವನೂ ಬಂದ. ಆದರೆ "ಎಲ್ಲಾರ ಮನಿಗೂ" ಅನ್ನೋ ಮಾತು ಉಳಿಸಿಕೊಳ್ಳೋಕೆ ಆಗುತ್ತಾ? ಕಾಕಾ ರಾತ್ರಿ ಹತ್ತರ ತನಕ ಬಾಗಿಲು ತೆಗೆದಿಟ್ಟು ಕಾಯ್ತಾನೆ. ಖಾತೆಯಲ್ಲಿ ಹಣ ಇಲ್ಲದೆ ಚೆಕ್ ಬರೆಯಬಾರದು. ಇನ್ನೊಂದು ವಿಷಯ, ಜಗಳ ಇರೋದೇ ಆ ಬಾಂದಿನ ಮೇಲೆ. "ನಮ್ಮ ಬಾಂದು" ಅಂತ ಬರೆದರೆ ಅವನು ಬೇಕಂತ ಬರೆದಿಲ್ಲದಿದ್ದರೂ ಅದು ಚುಚ್ಚುತ್ತೆ.

ಕೊನೆಗೆ ಉಳಿದದ್ದು ಇಷ್ಟು: "ಹಳ್ಳದ ದಂಡಿ ಬನ್ನಿ ಗಿಡಕ್ಕ ಈ ಸಲ ಎಲಿ ಚಲೋ ಬಂದಾವ. ಸಂಜಿ ಏಳರಿಂದ ಒಂಬತ್ತರ ತನಕ ಮನ್ಯಾಗ ಇರತೀನಿ, ಊರಾಗ ಇದ್ದವರು ಬರ್ರಿ. ದೂರ ಇದ್ದವರು ಇಲ್ಲಿಂದನ ತಗೋರಿ. ಬನ್ನಿ ತಗೊಂಡು ನಾವು ನೀವು ಬಂಗಾರದಂಗ ಇರೂಣ." ಜೊತೆಗೆ ಆ ಗಿಡದ್ದೇ ಫೋಟೋ, ಅವತ್ತೇ ತೆಗೆದದ್ದು. ಕಾಕಾಗೆ ಸಮಯ ಗೊತ್ತಾಯ್ತು. ಅಕ್ಕನಿಗೆ ಹಳ್ಳದ ದಂಡೆ ಕಣ್ಣಿಗೆ ಕಟ್ಟಿತು. ಟ್ರ್ಯಾಕ್ಟರ್ ಗೆಳೆಯನಿಗೂ "ಬಂಗಾರದಂಗ ಇರೂಣ" ಅನ್ನೋದು ತನ್ನ ಮಾತೇ. ದೊಡ್ಡಪ್ಪನ ಮಗನಿಗೆ ಬಾಗಿಲು ತೆರೆದಿದೆ, ಕರೆದು ಮುಜುಗರ ಮಾಡಿಲ್ಲ. ನಾಲ್ಕು ವಾಕ್ಯ, ಒಂದೂ ಸುಳ್ಳಿಲ್ಲ.

ತಂದೆ ತೀರಿಕೊಂಡ ಗೆಳೆಯನ ವಿಷಯ ಬೇರೆ. ವರ್ಷದೊಳಗೆ ಸಾವಾದ ಮನೆಯಲ್ಲಿ ಹಬ್ಬ ಇರಲ್ಲ. ವಾಟ್ಸಾಪ್‌ನಲ್ಲಿ "My contacts except..." ಅಂತ ಇದೆ, ಅವನ ಹೆಸರು ತೆಗೆದು ಸ್ಟೇಟಸ್ ಹಾಕಬಹುದು. ನನ್ನ ಪ್ರಕಾರ ಅದು ಅರ್ಧ ಕೆಲಸ. ಸ್ಟೇಟಸ್ ಕಾಣದಂಗೆ ಮಾಡಿದ್ದು ಅವನಿಗೆ ಗೊತ್ತಾಗಲ್ಲ, ನೀವು ನೆನೆಸಿದ್ದೂ ಗೊತ್ತಾಗಲ್ಲ. ಸ್ಟೇಟಸ್ ಹಾಕೋ ಮೊದಲು ಅವನಿಗೊಂದು ಫೋನ್ ಮಾಡಿ, "ಹಬ್ಬ ಅದ, ನಿಮ್ಮನಿ ನೆನಪಾತು, ಅವ್ವ ಹೆಂಗದಾಳ?" ಅಂತ ಕೇಳ್ರಿ. ಇದು ಅಕೌಂಟ್ ಪೇಯಿ ಮಾತು. ಇದನ್ನು ಸ್ಟೇಟಸ್‌ನಲ್ಲಿ ಕಳಿಸೋಕೆ ಬರಲ್ಲ.

ಇನ್ನು ಭಾಷೆ. ಗಡಿಯಲ್ಲಿರೋ ನಮಗೆ ಇದು ಸಣ್ಣ ಪ್ರಶ್ನೆ ಅಲ್ಲ. ಪುಣೆ ಸಾಹೇಬನಿಗೆ ಕನ್ನಡ ಬರಲ್ಲ ಅಂತ ಕೆಲವರು ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ಬರೀತಾರೆ. ಅದು ರೈಲ್ವೆ ಸ್ಟೇಷನ್ ಬೋರ್ಡ್ ಥರ ಆಗುತ್ತೆ, ಯಾರೂ ಪೂರ್ತಿ ಓದಲ್ಲ. ನೀವು ಮನೆಯಲ್ಲಿ ಬನ್ನಿ ಯಾವ ಮಾತಿನಲ್ಲಿ ಕೊಡ್ತೀರೋ ಅದರಲ್ಲೇ ಬರೀರಿ, ಓದುವ ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. "ಇರೂಣ" ಅನ್ನೋದನ್ನು "ಇರೋಣವೆಂದು ಆಶಿಸುತ್ತೇನೆ" ಅಂತ ಮಾಡಿದ ಕೂಡಲೇ ನಿಮ್ಮ ದನಿ ಹೋಗಿಬಿಡುತ್ತೆ. ಸಾಹೇಬನಿಗೆ ಮರಾಠಿಯಲ್ಲಿ ಬೇರೆ ಒಂದು ಸಾಲು ಕಳಿಸಿದರೆ ಅವನಿಗೂ ಅದೇ ಹೆಚ್ಚು ಖುಷಿ.

ಆದರೆ ನಮ್ಮವರಲ್ಲೇ ಕನ್ನಡ ಮಾತಾಡಿದರೂ ಮರಾಠಿ ಶಾಲೆಯಲ್ಲಿ ಕಲಿತು ಕನ್ನಡ ಅಕ್ಷರ ಓದೋಕೆ ಬರದವರು ಇದ್ದಾರಲ್ಲ? ಅವರಿಗಾಗಿ ಧ್ವನಿ ಸ್ಟೇಟಸ್ ಇದೆ. ಮೈಕ್ ಒತ್ತಿ ಅದೇ ನಾಲ್ಕು ವಾಕ್ಯ ಬಾಯಲ್ಲಿ ಹೇಳಿದರೆ ಅರ್ಧ ನಿಮಿಷವೂ ಬೇಕಾಗಲ್ಲ. ಬನ್ನಿ ಮೊದಲಿಂದಲೂ ಬಾಯಿಮಾತೇ. ತಾಳವಾಡಿಯಲ್ಲಿ ತಮಿಳು, ಕಾಸರಗೋಡಿನಲ್ಲಿ ಮಲಯಾಳಂ ಶಾಲೆಯಲ್ಲಿ ಕಲಿತ ತಮ್ಮ ತಂಗಿಯರು ನಿಮ್ಮ ಮನೆಯಲ್ಲಿದ್ದರೆ, ನಿಮ್ಮ ಹಬ್ಬಕ್ಕೂ ಇದು ನಡೆಯುತ್ತೆ.

ಹೊತ್ತಿನ ಬಗ್ಗೆ ಒಂದು ಮಾತು. ಸ್ಟೇಟಸ್ ಇರೋದು 24 ಗಂಟೆ ಮಾತ್ರ. ಹಿಂದಿನ ದಿನ ಸಂಜೆ ಐದಕ್ಕೆ ಎಲ್ಲರಿಗಿಂತ ಮೊದಲು ಅಂತ ಹಾಕಿದರೆ, ಊರು ಬನ್ನಿ ಗಿಡದ ಕಡೆ ಹೊರಡೋ ಹೊತ್ತಿಗೇ ಅದು ಅಳಿಸಿಹೋಗಿರುತ್ತೆ. ದಸರಾ ದಿನ ಮಧ್ಯಾಹ್ನದ ಮೇಲೆ ಹಾಕಿ. ಸಂಜೆ ಬನ್ನಿ ಕೊಡೋವಾಗಲೂ ಇರುತ್ತೆ, ಮಾರನೇ ದಿನ ಬೆಳಿಗ್ಗೆ ನೋಡೋರಿಗೂ ಸಿಗುತ್ತೆ.

ಹಾಕಿದ ಮೇಲೆ ಎಷ್ಟು ಜನ ನೋಡಿದರು ಅಂತ ಎಣಿಸ್ತಾ ಕೂರೋರು ಬಹಳ. ಆ ಪಟ್ಟಿಯಿಂದ ಒಂದೇ ಒಂದು ಉಪಯೋಗ ಇದೆ. ರಾತ್ರಿ ಊಟ ಆದಮೇಲೆ ಅದನ್ನು ಮೇಲಿಂದ ಕೆಳಗೆ ನೋಡಿ, ವರ್ಷದಿಂದ ಮಾತಾಡದೇ ಇದ್ದ ಮೂರು ಹೆಸರು ಆರಿಸಿ, ಅವರಿಗೆ ನೀವೇ ಹೆಸರು ಹಿಡಿದು ಬರೀರಿ. ಹಾಗೇ ಸ್ಟೇಟಸ್‌ಗೆ ಬಂದ ಉತ್ತರಗಳು ಒಬ್ಬೊಬ್ಬರದೂ ಬೇರೆ ಬೇರೆ ಚಾಟ್‌ನಲ್ಲಿ ಬಂದು ಬೀಳ್ತವೆ. ಅಕ್ಕ "ಹಳ್ಳ ತುಂಬಿ ಹರಿಯಾಕತ್ತದೇನು?" ಅಂತ ಕೇಳಿದಾಗ ಕೈಮುಗಿದ ಚಿತ್ರ ಕಳಿಸಿ ಮುಗಿಸಿದರೆ, ಮೇಲೆ ಬರೆದ ನಾಲ್ಕು ವಾಕ್ಯಕ್ಕೆ ಬೆಲೆ ಇಲ್ಲ. "ಹೌದಕ್ಕ, ಕಲ್ಲು ಮುಣಗ್ಯಾವ, ನಾವು ಸೇತುವಿ ಮ್ಯಾಲಿಂದ ಹೋದ್ವಿ" ಅಂತ ಬರೆದ್ರೆ ಅಕ್ಕನ ಕೈಗೆ ಬನ್ನಿ ಮುಟ್ಟಿದಂಗೆ.